ಮದುವೆಗೆ ಇನ್ನು ನೂರೇ ದಿನ: ದಿನ ತಪ್ಪದೆ, ವಾರ ತಪ್ಪದೆ ಸಂದೇಶ ಬರೆಯುವುದು ಹೇಗೆ?

ನಮ್ಮ ಮನೆಯ ಒಂದು ಮದುವೆಗೆ ನೂರು ದಿನ ಇದೆ ಅಂತ ಎಲ್ಲರಿಗೂ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುರುಪಿನಿಂದ ನಾಲ್ಕು ಸಾಲು ಬರೆದೆ, ಶನಿವಾರ ಅಂತಲೂ ಸೇರಿಸಿದೆ. ಕಳಿಸಿ ಐದು ನಿಮಿಷ ಆಗಿರಲಿಲ್ಲ, ದೊಡ್ಡಮ್ಮನ ಉತ್ತರ ಬಂತು: "ಭಾನುವಾರ ಅಲ್ವೇನೋ ಅದು?" ಭಾನುವಾರವೇ. ಮದುವೆ ಇದ್ದದ್ದು ಮುಂದಿನ ವರ್ಷ. ನಾನು ನೋಡಿದ್ದು ಗೋಡೆಯ ಮೇಲೆ ನೇತಾಡುತ್ತಿದ್ದ ಈ ವರ್ಷದ ಕ್ಯಾಲೆಂಡರ್. ಒಂದು ವರ್ಷ ದಾಟಿದರೆ ಅದೇ ತಾರೀಖಿನ ವಾರ ಒಂದು ದಿನ ಮುಂದಕ್ಕೆ ಜಾರುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು ದಿನ. ಇದು ಗೊತ್ತಿರಲಿಲ್ಲ ಅಂತಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ.

ಆಮೇಲೆ ಗೊತ್ತಾದ ವಿಷಯ ಏನೆಂದರೆ, ಜನ ನೆನಪಿಟ್ಟುಕೊಳ್ಳುವುದು ತಾರೀಖನ್ನಲ್ಲ, ವಾರವನ್ನು. ರಜೆ ಕೇಳುವುದು, ಪ್ರಯಾಣ ಗೊತ್ತು ಮಾಡುವುದು ಎಲ್ಲವೂ "ಶನಿವಾರವಂತೆ" ಎನ್ನುವ ಮಾತಿನ ಮೇಲೆ ನಡೆಯುತ್ತದೆ. ಹಾಗಾಗಿ ಈ ಸಂದೇಶದಲ್ಲಿ ಮೂರು ಸಂಗತಿ ಒಂದಕ್ಕೊಂದು ಹೊಂದಬೇಕು: ಕಳಿಸುವ ದಿನ, ನೂರು ಎನ್ನುವ ಲೆಕ್ಕ, ಕೊನೆಯ ದಿನದ ವಾರ. ಮೊದಲು ಇವನ್ನು ಸರಿಮಾಡಿಕೊಂಡು ಆಮೇಲೆ ಚಂದದ ಮಾತಿಗೆ ಹೋಗೋಣ.

ನೂರು ದಿನ ಅಂದರೆ ಯಾವ ನೂರು?

ಇಲ್ಲಿಯೇ ಅರ್ಧ ಜನ ಎಡವುವುದು. ಎಣಿಸುವುದಕ್ಕೆ ಎರಡು ರೀತಿ ಇದೆ. ಒಂದರಲ್ಲಿ ಇವತ್ತನ್ನು ಬಿಟ್ಟು ನಾಳೆಯನ್ನು ಒಂದು ಅಂತ ಎಣಿಸುತ್ತೇವೆ, ನೂರು ಅಂದಾಗ ಮದುವೆಯ ದಿನ ಬರುತ್ತದೆ. ಇನ್ನೊಂದರಲ್ಲಿ ಇವತ್ತೇ ಒಂದನೇ ದಿನ, ಮದುವೆಯ ದಿನ ನೂರನೆಯದು. ಎರಡನೆಯ ರೀತಿಯಲ್ಲಿ ನಡುವೆ ಕಳೆಯುವುದು 99 ದಿನ ಮಾತ್ರ.

"ಇನ್ನು ನೂರು ದಿನ ಇದೆ", "ನೂರು ದಿನ ಬಾಕಿ" ಎನ್ನುವ ಮಾತಿಗೆ ಮೊದಲನೆಯ ಲೆಕ್ಕವೇ ಸರಿ. ಮದುವೆ ನಾಳೆ ಇದ್ದರೆ "ಇನ್ನೊಂದೇ ದಿನ" ಅನ್ನುತ್ತೇವೆ, "ಎರಡು ದಿನ" ಅನ್ನುವುದಿಲ್ಲ ಅಲ್ವಾ? ಅದೇ ಲೆಕ್ಕವನ್ನು ನೂರರವರೆಗೆ ಹಿಂದಕ್ಕೆ ಎಳೆಯಿರಿ, ಅಷ್ಟೇ. "ಇವತ್ತಿನಿಂದ ನೂರನೇ ದಿನ ಮದುವೆ" ಅಂತ ಬರೆದರೆ ಮಾತ್ರ ಕೆಲವರು ಇವತ್ತನ್ನೂ ಸೇರಿಸಿ ಎಣಿಸುತ್ತಾರೆ, ಕೆಲವರು ಬಿಟ್ಟು ಎಣಿಸುತ್ತಾರೆ. ಆ ಮಾತನ್ನು ಬಿಟ್ಟುಬಿಡುವುದೇ ಒಳ್ಳೆಯದು. ಇಲ್ಲಿಂದ ಮುಂದೆ ನಾನು "ಬಾಕಿ" ಲೆಕ್ಕವನ್ನೇ ಹಿಡಿದಿದ್ದೇನೆ.

ಹಿಂದಕ್ಕೆ ಎಣಿಸುವುದು

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಮದುವೆ 2027ರ ಏಪ್ರಿಲ್ 25, ಭಾನುವಾರ ಅಂತಿಟ್ಟುಕೊಳ್ಳಿ. ಸಂದೇಶ ಕಳಿಸಬೇಕಾದ ದಿನ ಯಾವುದು?

ತಿಂಗಳು ತಿಂಗಳಾಗಿ ಹಿಂದಕ್ಕೆ ನಡೆಯಿರಿ. ಏಪ್ರಿಲ್ 25ರಿಂದ 25 ದಿನ ಹಿಂದೆ ಹೋದರೆ ಮಾರ್ಚ್ 31. ಅಲ್ಲಿಂದ ಇನ್ನೂ 31 ದಿನ ಹಿಂದೆ ಹೋದರೆ ಫೆಬ್ರವರಿ 28, ಅಲ್ಲಿಗೆ ಒಟ್ಟು 56 ಆಯಿತು. ಫೆಬ್ರವರಿಯ 28 ದಿನ ಕಳೆದರೆ ಜನವರಿ 31, ಒಟ್ಟು 84. ನೂರಕ್ಕೆ ಇನ್ನು 16 ಬೇಕು. 31ರಲ್ಲಿ 16 ಹೋದರೆ 15. ಜನವರಿ 15 ಕಳಿಸುವ ದಿನ.

ಬೇಕಿದ್ದರೆ ಬೆರಳಲ್ಲೇ ಮಾಡಬಹುದು. ಯಾವ ತಿಂಗಳಿಗೆ 31, ಯಾವುದಕ್ಕೆ 30 ಅಂತ ಮರೆತರೆ ಮುಷ್ಟಿ ಹಿಡಿದು ಗೆಣ್ಣಿನ ಮೇಲೆ ಎಣಿಸುವುದು ಇದ್ದೇ ಇದೆಯಲ್ಲ: ಗೆಣ್ಣು ಬಂದರೆ 31, ತಗ್ಗು ಬಂದರೆ 30, ಫೆಬ್ರವರಿಯ ತಗ್ಗು ಮಾತ್ರ ಬೇರೆ. ಜುಲೈ ಕೊನೆಯ ಗೆಣ್ಣು, ಆಗಸ್ಟ್‌ಗೆ ಮತ್ತೆ ಮೊದಲ ಗೆಣ್ಣಿಗೆ ಬರಬೇಕು. ಹಾಗಾಗಿ ಎರಡಕ್ಕೂ 31.

ಫೆಬ್ರವರಿ ನಡುವೆ ಬಂದರೆ ಆ ವರ್ಷ ಅಧಿಕ ವರ್ಷವೋ ಅಂತ ನೋಡಿಕೊಳ್ಳಿ. ಇದೇ ಏಪ್ರಿಲ್ 25ರ ಮದುವೆ 2028ರಲ್ಲಿ ಇದ್ದಿದ್ದರೆ ಫೆಬ್ರವರಿಗೆ 29 ದಿನ. ಆಗ ಕಳಿಸುವ ದಿನ ಜನವರಿ 16 ಆಗುತ್ತಿತ್ತು.

ಅನೇಕರು ಇಷ್ಟೆಲ್ಲ ಯಾಕೆ ಅಂತ "ಮೂರು ತಿಂಗಳು ಹತ್ತು ದಿನ" ಹಿಂದೆ ಹೋಗಿಬಿಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದೂ ಜನವರಿ 15 ಅಂತಲೇ ಹೇಳುತ್ತದೆ, ಸರಿಯಾಗಿಯೇ ಬಂತು. ಆದರೆ ಅದು ಫೆಬ್ರವರಿಯ ಕೃಪೆ. ಜನವರಿ 25ರಿಂದ ಏಪ್ರಿಲ್ 25ಕ್ಕೆ ಸರಿಯಾಗಿ 90 ದಿನ ಇರುವುದು ಆ ಚಿಕ್ಕ ತಿಂಗಳು ನಡುವೆ ಇರುವುದರಿಂದ. ಅದೇ ಮದುವೆ ಅಕ್ಟೋಬರ್ 25ಕ್ಕೆ ಇದ್ದರೆ ಮೂರು ತಿಂಗಳು ಹತ್ತು ದಿನ ಹಿಂದಿನ ದಿನ ಜುಲೈ 15. ನಿಜವಾಗಿ ನೂರು ದಿನ ಹಿಂದಿನದು ಜುಲೈ 17. ಎರಡು ದಿನ ಮೊದಲೇ ಸಂಭ್ರಮ ಪಟ್ಟ ಹಾಗಾಗುತ್ತದೆ.

ವಾರ ಹೇಳುವ ಸುಲಭ ಲೆಕ್ಕ

ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದು. ವಾರಕ್ಕೆ ಏಳು ದಿನ. ನೂರರಲ್ಲಿ 14 ಪೂರ್ತಿ ವಾರಗಳು ಹೋದರೆ 98, ಉಳಿಯುವುದು 2. ಹದಿನಾಲ್ಕು ವಾರ ಕಳೆದ ಮೇಲೆ ಮತ್ತೆ ಅದೇ ವಾರಕ್ಕೇ ಬಂದು ನಿಂತಿರುತ್ತೇವೆ, ಅಲ್ಲಿಂದ ಎರಡು ಹೆಜ್ಜೆ ಮುಂದೆ. ಅಂದರೆ ನೂರು ದಿನದ ಆಚೆಗಿನ ವಾರ ಯಾವಾಗಲೂ ಇವತ್ತಿನ ವಾರಕ್ಕಿಂತ ಎರಡು ಮುಂದಿನದು. ಯಾವ ತಿಂಗಳಾದರೂ, ಯಾವ ವರ್ಷವಾದರೂ ಇದು ಬದಲಾಗುವುದಿಲ್ಲ.

ಮದುವೆ ಭಾನುವಾರವಾದರೆ ಸಂದೇಶ ಹೋಗಬೇಕಾದದ್ದು ಶುಕ್ರವಾರ. ಮದುವೆ ಶನಿವಾರವಾದರೆ ಗುರುವಾರ. ಮದುವೆ ಬುಧವಾರವಾದರೆ ಸೋಮವಾರ. ನಮ್ಮ ಉದಾಹರಣೆಯ ಜನವರಿ 15, 2027 ಶುಕ್ರವಾರವೇ. ಲೆಕ್ಕ ಕೂಡಿತು.

ಇದು ಒಳ್ಳೆಯ ತಾಳೆಯೂ ಹೌದು. ಮೇಲೆ ಹೇಳಿದ ಅಕ್ಟೋಬರ್ ಮದುವೆಯನ್ನೇ ನೋಡಿ. 2027ರ ಅಕ್ಟೋಬರ್ 25 ಸೋಮವಾರ. ಎರಡು ಹಿಂದಕ್ಕೆ ಹೋದರೆ ಶನಿವಾರ ಬರಬೇಕು. ಜುಲೈ 15 ಗುರುವಾರ, ಅಲ್ಲಿಗೆ ಎಲ್ಲೋ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಜುಲೈ 17 ಶನಿವಾರ. ಇವತ್ತನ್ನೂ ಸೇರಿಸಿ ಎಣಿಸಿದವರ ಲೆಕ್ಕವನ್ನೂ ಇದು ಹಿಡಿಯುತ್ತದೆ. ಅವರು ಕಳಿಸುವ ವಾರಕ್ಕೂ ಮದುವೆಯ ವಾರಕ್ಕೂ ನಡುವೆ ಎರಡರ ಬದಲು ಒಂದೇ ಹೆಜ್ಜೆ ಇರುತ್ತದೆ.

ಆದರೆ ಈ ತಾಳೆಗೂ ಒಂದು ಕುರುಡು ಜಾಗ ಇದೆ. ತಪ್ಪು ಸರಿಯಾಗಿ ಏಳು ದಿನದ್ದೋ ಹದಿನಾಲ್ಕು ದಿನದ್ದೋ ಆಗಿದ್ದರೆ ವಾರ ಸರಿಯಾಗಿಯೇ ಕಾಣುತ್ತದೆ. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸುವಾಗ ಒಂದು ಸಾಲು ಹಾರಿಹೋಯಿತು ಅನ್ನಿ, ಏಳು ದಿನ ಹೋಯಿತು, ವಾರ ಮಾತ್ರ ಹಾಗೇ ಇದೆ. ಇನ್ನೂ ಮಜಾ ಅಂದರೆ 28 ದಿನದ ಫೆಬ್ರವರಿಯನ್ನು ಪೂರ್ತಿ ಮರೆತರೂ ತಾಳೆ ಸರಿಬರುತ್ತದೆ, ಯಾಕೆಂದರೆ 28 ಅಂದರೆ ನಾಲ್ಕು ಪೂರ್ತಿ ವಾರ. ಅದಕ್ಕೇ ವಾರದ ಜೊತೆಗೆ ಇನ್ನೊಂದು ಒರಟು ತಾಳೆಯನ್ನೂ ಇಟ್ಟುಕೊಳ್ಳಿ: ಮದುವೆಯ ತಾರೀಖಿಗೂ ಕಳಿಸುವ ತಾರೀಖಿಗೂ ಮೂರು ತಿಂಗಳು ಮತ್ತು ಎಂಟರಿಂದ ಹನ್ನೊಂದು ದಿನದಷ್ಟು ಅಂತರ ಇರಬೇಕು. ವಾರವೂ ಕೂಡಿತು, ಈ ಅಂತರವೂ ಇದೆ ಅಂದರೆ ನೆಮ್ಮದಿಯಾಗಿ ಮುಂದಕ್ಕೆ ಹೋಗಬಹುದು.

ಕಂಪ್ಯೂಟರಿನಲ್ಲಿ ಮಾಡುವವರಿಗೆ

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ `A1` ಕೋಶದಲ್ಲಿ ಮದುವೆಯ ದಿನ, `A2`ರಲ್ಲಿ ನೂರು ದಿನ ಹಿಂದಿನದು, `A3`ರಲ್ಲಿ ಅದರ ವಾರ ಹೀಗೆ ಹಾಕಿ:

```
=DATE(2027,4,25)
=A1-100
=TEXT(A2,"dddd")
```

`DATE` ಒಳಗೆ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಇದನ್ನು ಬಿಟ್ಟು ತಾರೀಖನ್ನು ನೇರವಾಗಿ ಟೈಪ್ ಮಾಡಲು ಹೋಗಬೇಡಿ. `5/4/2027` ಅಂತ ಹಾಕಿದರೆ ನಿಮ್ಮ ಮನಸ್ಸಿನಲ್ಲಿ ಏಪ್ರಿಲ್ 5 ಇರಬಹುದು, ಕಂಪ್ಯೂಟರಿನ ಭಾಷೆ ಮತ್ತು ಪ್ರದೇಶ ಬೇರೆ ಇದ್ದರೆ ಅದು ಮೇ 4 ಅಂತ ಓದುತ್ತದೆ. ಯಾವ ಸೂಚನೆಯನ್ನೂ ಕೊಡುವುದಿಲ್ಲ. `A2`ರಲ್ಲಿ ತಾರೀಖಿನ ಬದಲು 46402 ಎನ್ನುವಂಥ ಸಂಖ್ಯೆ ಕಂಡರೆ ಗಾಬರಿ ಬೇಡ. ಅದು ಜನವರಿ 15, 2027ಕ್ಕೆ ಕಂಪ್ಯೂಟರ್ ಒಳಗೊಳಗೆ ಇಟ್ಟುಕೊಂಡಿರುವ ಅಂಕೆ. ಕೋಶವನ್ನು ತಾರೀಖಿನ ರೂಪಕ್ಕೆ ಬದಲಾಯಿಸಿದರೆ ಸಾಕು.

ಫೋನಿನಲ್ಲಿ ದಿನ ಎಣಿಸುವ ಆ್ಯಪ್‌ಗಳು ಬೇಕಾದಷ್ಟಿವೆ, ಆದರೆ ಎಲ್ಲವೂ ಒಂದೇ ರೀತಿ ಎಣಿಸುವುದಿಲ್ಲ. ಕೆಲವು ಇವತ್ತನ್ನೂ ಸೇರಿಸುತ್ತವೆ. ಕೆಲವು ಗಂಟೆ ಲೆಕ್ಕ ಹಿಡಿಯುತ್ತವೆ. ಅಂಥದ್ದರಲ್ಲಿ ಬೆಳಿಗ್ಗೆ ಹತ್ತಕ್ಕೆ ನೋಡಿದರೆ ಕೊನೆಯ ದಿನ ಶುರುವಾಗುವುದಕ್ಕೆ 99 ದಿನ 14 ಗಂಟೆ ಉಳಿದಿರುತ್ತದೆ, ಪರದೆಯ ಮೇಲೆ ಬರೀ 99 ಕಾಣುತ್ತದೆ. ಆ್ಯಪ್ ಹೇಗೆ ಎಣಿಸುತ್ತದೆ ಅಂತ ತಿಳಿಯಲು ನಾಳೆಯ ತಾರೀಖನ್ನು ಅದಕ್ಕೆ ಕೊಟ್ಟು ನೋಡಿ. 1 ಅಂದರೆ ನಮ್ಮ ಲೆಕ್ಕಕ್ಕೆ ಸರಿ. 2 ಅಂದರೆ ಇವತ್ತನ್ನು ಸೇರಿಸುತ್ತಿದೆ. 0 ಅಂದರೆ ಗಂಟೆ ಎಣಿಸುತ್ತಿದೆ.

ಮಾತು ಕಟ್ಟುವುದು

ಈಗ ಸಂದೇಶ. ಮೊದಲು ಒಂದು ಎಚ್ಚರ: "ಇವತ್ತಿಗೆ ನೂರು ದಿನ" ಅಂತ ಮಾತ್ರ ಶುರುಮಾಡಬೇಡಿ. ಕನ್ನಡದಲ್ಲಿ ಆ ಮಾತು ಕಳೆದುಹೋದ ನೂರು ದಿನಕ್ಕೆ ಸಲ್ಲುತ್ತದೆ. ಓದಿದವರು ಮದುವೆ ಆಗಿಯೇ ಹೋಯಿತಾ, ನಮ್ಮನ್ನು ಕರೆಯಲಿಲ್ಲವಾ ಅಂತ ಮುಖ ಊದಿಸಿಕೊಂಡರೆ ಕಷ್ಟ. "ನೂರು ದಿನದಲ್ಲಿ ಮದುವೆ" ಕೂಡ ಸಡಿಲ ಮಾತು, ನೂರು ದಿನದೊಳಗೆ ಯಾವಾಗಲಾದರೂ ಅಂತ ಕೇಳಿಸುತ್ತದೆ. "ಶತದಿನ" ಬೇಡವೇ ಬೇಡ, ಅದು ಓಡಿದ ಸಿನಿಮಾದ ಪೋಸ್ಟರ್ ಇದ್ದ ಹಾಗಿರುತ್ತದೆ.

"ಇನ್ನು" ಎನ್ನುವ ಒಂದು ಪದ ಇದ್ದರೆ ಮುಂದಿನ ದಿನಗಳು ಅಂತ ಸ್ಪಷ್ಟವಾಗುತ್ತದೆ. ಇನ್ನು ಖುಷಿಯ ಮಾತು. ಅದಕ್ಕೆ ಹತ್ತು ಆಶ್ಚರ್ಯಸೂಚಕ ಚಿಹ್ನೆ ಬೇಕಿಲ್ಲ, ಒಂದು ಏಕಾರ ಸಾಕು. "ಇನ್ನು ನೂರು ದಿನ" ಅಂದರೆ ಮಾಹಿತಿ. "ಇನ್ನು ನೂರೇ ದಿನ" ಅಂದರೆ ಕಾಯುತ್ತಿರುವವರ ತವಕ. ಅದೇ "ಇನ್ನೂ ನೂರು ದಿನ" ಅಂತ ದೀರ್ಘ ಎಳೆದರೆ ಅರ್ಥ ತಿರುಗುತ್ತದೆ, ಇನ್ನೂ ಇಷ್ಟು ಕಾಯಬೇಕಾ ಎಂಬ ನಿಟ್ಟುಸಿರು. ಒಂದು ಕೊಂಬಿನ ವ್ಯತ್ಯಾಸ, ಕಳಿಸುವ ಮುಂಚೆ ಕಣ್ಣಿಟ್ಟು ನೋಡಿ.

ಮೊದಲ ಸಲ ನಾನು ಬರೆದಿದ್ದು ಹೆಚ್ಚುಕಡಿಮೆ ಹೀಗಿತ್ತು:

"ಆತ್ಮೀಯರೇ, ಇವತ್ತಿಗೆ ನೂರು ದಿನಗಳಲ್ಲಿ ನಮ್ಮ ಮನೆಯ ಶುಭಕಾರ್ಯ, ಶನಿವಾರ, ಎಲ್ಲರೂ ಕಾತರದಿಂದ ಕಾಯುತ್ತಿದ್ದೇವೆ!!!"

ಕಾತರ ಅಂತ ಹೇಳಿದೆ, ಕಾಣಿಸಲಿಲ್ಲ. ಯಾರ ಮದುವೆ ಅಂತಲೇ ಇಲ್ಲ. ಯಾವ ಶನಿವಾರ ಅಂತಲೂ ಇಲ್ಲ, ಓದುವವರು ನೂರು ಎಣಿಸಿಕೊಂಡು ಹುಡುಕಬೇಕು. ವಾರ ತಪ್ಪಿದ್ದಂತೂ ಮೊದಲೇ ಹೇಳಿದೆ. ಈಗ ಬರೆದರೆ ಏಪ್ರಿಲ್ 25ರ ಮದುವೆಗೆ ಹೀಗೆ ಬರೆಯುತ್ತೇನೆ:

"ಇವತ್ತು ಜನವರಿ 15, ಶುಕ್ರವಾರ. ನಮ್ಮ ಅಕ್ಕನ ಮದುವೆಗೆ ಇನ್ನು ನೂರೇ ದಿನ! ಅಕ್ಕ ಎಣಿಸುತ್ತಿಲ್ಲ ಅಂತ ಹೇಳುತ್ತಾಳೆ, ಕ್ಯಾಲೆಂಡರ್ ತುಂಬ ಅವಳದೇ ಪೆನ್ಸಿಲ್ ಗುರುತು. ನಡುವೆ ಹದಿನಾಲ್ಕು ಭಾನುವಾರ, ಹದಿನೈದನೇ ಭಾನುವಾರ ಮದುವೆ. 2027ರ ಏಪ್ರಿಲ್ 25, ಭಾನುವಾರ. ಆ ದಿನವನ್ನು ಈಗಲೇ ನಮಗೆ ಕೊಟ್ಟುಬಿಡಿ. ಜಾಗ, ಹೊತ್ತು ಎಲ್ಲ ಕರೆಯೋಲೆಯಲ್ಲಿ ಬರುತ್ತೆ."

ಭಾನುವಾರಗಳ ಲೆಕ್ಕ ಸುಮ್ನೆ ಅಲಂಕಾರಕ್ಕಲ್ಲ. ನೂರು ದಿನ ಅಂದರೆ ಎಷ್ಟು ಅಂತ ಯಾರಿಗೂ ಅಂದಾಜು ಸಿಗುವುದಿಲ್ಲ. ಹದಿನಾಲ್ಕು ಭಾನುವಾರ ಅಂದರೆ ತಕ್ಷಣ ಸಿಗುತ್ತದೆ. ಜೊತೆಗೆ ಆ ವಾರದ ಹೆಸರು ಎರಡು ಮೂರು ಸಲ ಕಿವಿಗೆ ಬೀಳುತ್ತದೆ. ಈ ಲೆಕ್ಕ ನಿಮ್ಮ ಮದುವೆಗೂ ಹಾಗೇ ಕೂಡುತ್ತದೆ. ಕಳಿಸಿದ ಎರಡನೇ ದಿನವೇ ಆ ವಾರ ಮೊದಲ ಸಲ ಬರುವುದರಿಂದ ಹದಿನೈದನೆಯದು ಯಾವಾಗಲೂ ಮದುವೆಯದ್ದೇ. ಶನಿವಾರದ ಮದುವೆಗೆ ಭಾನುವಾರದ ಜಾಗದಲ್ಲಿ ಶನಿವಾರ ಹಾಕಿದರೆ ಆಯಿತು.

ಕೊನೆಯ ಸಾಲನ್ನು ಮರೆಯಬೇಡಿ. ಕೆಲವರು ಇದನ್ನೇ ಕರೆಯೋಲೆ ಅಂದುಕೊಂಡು ಎಲ್ಲಿ, ಎಷ್ಟು ಹೊತ್ತಿಗೆ ಅಂತ ಒಬ್ಬೊಬ್ಬರಾಗಿ ಫೋನ್ ಮಾಡುತ್ತಾರೆ. ಇನ್ನು ಕೆಲವರು ಫೋನಿನಲ್ಲಿ ಬಂದದ್ದೇ ಕರೆಯಾ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಮುಂದೆ ಕರೆ ಬರುತ್ತದೆ ಎಂಬ ಒಂದು ಸಾಲು ಎರಡನ್ನೂ ತಡೆಯುತ್ತದೆ. ಕರೆಯುವ ಉದ್ದೇಶ ಇಲ್ಲದವರು ಇರುವ ಗುಂಪಿಗೆ ಇದನ್ನು ಹಾಕಬೇಡಿ. "ಆ ದಿನ ನಮಗೆ ಕೊಡಿ" ಅಂತ ಕೇಳಿ ಆಮೇಲೆ ಕರೆಯದಿದ್ದರೆ ಚೆನ್ನಾಗಿರುವುದಿಲ್ಲ.

ರಾತ್ರಿ ಹೊತ್ತಿನ ಮದುವೆಯಾದರೆ ವಾರದ ಬಗ್ಗೆ ಇನ್ನೊಂದು ಸಾಲು ಬೇಕು. ಶನಿವಾರ ಮಧ್ಯರಾತ್ರಿ ಹನ್ನೆರಡೂವರೆ ಅಂತ ಮನೆಯಲ್ಲಿ ಹೇಳುತ್ತಿರಬಹುದು, ಕ್ಯಾಲೆಂಡರಿನಲ್ಲಿ ಅದು ಭಾನುವಾರ. ಓದುವವರಲ್ಲಿ ಅರ್ಧ ಜನ ಒಂದು ದಿನ ತಡವಾಗಿ ಬರುವ ಸಾಧ್ಯತೆ ಇದೆ. "ಶನಿವಾರ ರಾತ್ರಿ ಕಳೆದು ಭಾನುವಾರ ಶುರುವಾಗುವಾಗ, ಶನಿವಾರ ಸಂಜೆಗೇ ಬಂದುಬಿಡಿ" ಅಂತ ಬಿಡಿಸಿ ಬರೆಯಿರಿ. ನೂರರ ಲೆಕ್ಕವನ್ನು ಯಾವ ದಿನಕ್ಕೆ ಹಿಡಿದಿದ್ದೀರೋ ಅದೇ ದಿನದ ವಾರವನ್ನು ಹೇಳಬೇಕು.

ಕಳಿಸುವ ದಿನ

ಬೇರೆಯವರ ಮದುವೆಯ ಸುದ್ದಿಯಾದರೆ ಮದುಮಕ್ಕಳಿಬ್ಬರನ್ನೂ ಕೇಳಿಕೊಂಡೇ ಕಳಿಸಿ. ಜಾಗ ಇನ್ನೂ ಗೊತ್ತಾಗಿಲ್ಲ ಅಂದರೆ ತಾರೀಖೂ ಅಲುಗಾಡುತ್ತಿದೆ ಅಂತಲೇ ತಿಳಿಯಬೇಕು.

ರಾತ್ರಿ ಹನ್ನೆರಡು ಹೊಡೆದ ಕೂಡಲೇ ಕಳಿಸುವ ಆಸೆ ಬೇಡ. ನಿದ್ದೆಯಲ್ಲಿರುವವರು ಯಾರೂ ಓದುವುದಿಲ್ಲ. ಗಡಿಯಾರ ನಿಮಗಿಂತ ಹಿಂದಿರುವ ದೇಶಗಳಲ್ಲಿ ಆಗಿನ್ನೂ ಹಿಂದಿನ ದಿನ, ಅವರ ಲೆಕ್ಕಕ್ಕೆ 101 ಬಾಕಿ. ಮುಂಚೆಯೇ ಸಮಯ ಹೊಂದಿಸಿ ಇಡುವವರು 12 AM, 12 PM ಅದಲುಬದಲು ಮಾಡಿಕೊಳ್ಳುವುದೂ ಇದೇ ಹೊತ್ತಿಗೆ. ಬೆಳಿಗ್ಗೆ ಒಂಬತ್ತು, ಹತ್ತು ಗಂಟೆ ಸರಿಯಾದ ಹೊತ್ತು. ದೂರದ ದೇಶದವರಿಗೆ ಬೇಕಿದ್ದರೆ ಸಂಜೆ ಬೇರೆಯಾಗಿ ಕಳಿಸಿ.

ಸಂದೇಶದ ಮೊದಲಿಗೇ "ಇವತ್ತು ಜನವರಿ 15" ಅಂತ ಬರೆದದ್ದಕ್ಕೂ ಕಾರಣ ಇದೆ. ವಾಟ್ಸ್ಆ್ಯಪ್ ಸ್ಟೇಟಸ್ 24 ಗಂಟೆ ಇರುತ್ತದೆ. ಬೆಳಿಗ್ಗೆ ಹತ್ತಕ್ಕೆ ಹಾಕಿದ್ದನ್ನು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನೋಡಿದವರಿಗೆ ಬಾಕಿ ಇರುವುದು 99. ಫಾರ್ವರ್ಡ್ ಆದ ಸಂದೇಶವಂತೂ ಒಂದು ವಾರ ಸುತ್ತಾಡಿ ಬರುತ್ತದೆ, ಆಗಲೂ "ಇನ್ನು ನೂರೇ ದಿನ" ಅಂತಲೇ ಹೇಳುತ್ತಿರುತ್ತದೆ. ಬರೆದ ದಿನ ಅದರಲ್ಲೇ ಇದ್ದರೆ ಯಾರೂ ತಪ್ಪು ಎಣಿಸುವುದಿಲ್ಲ.

ನೂರು ಬಾಕಿ ಇರುವ ದಿನ ತಪ್ಪಿಹೋಯಿತಾ? ಎರಡು ದಿನ ಬಿಟ್ಟು ಕಳಿಸಿ. ಆಗ ಸರಿಯಾಗಿ 98 ದಿನ, ಹದಿನಾಲ್ಕು ವಾರ. ಜನವರಿ 17, ಭಾನುವಾರ. "ಇವತ್ತಿನ ಹಾಗೆ ಇನ್ನು ಹದಿನಾಲ್ಕೇ ಭಾನುವಾರ, ಹದಿನಾಲ್ಕನೆಯದೇ ಮದುವೆ" ಅಂತ ಬರೆದರೆ ಮೊದಲೇ ಯೋಚಿಸಿದ ಹಾಗೇ ಇರುತ್ತದೆ. ಐವತ್ತಕ್ಕೆ ಇನ್ನೊಂದು ಕಳಿಸುವುದಾದರೆ, ಐವತ್ತರಲ್ಲಿ ಏಳು ವಾರ ಹೋಗಿ ಒಂದು ಉಳಿಯುತ್ತದೆ, ಹಾಗಾಗಿ ಮದುವೆ ಭಾನುವಾರವಾದರೆ ಅದು ಶನಿವಾರಕ್ಕೆ ಬೀಳುತ್ತದೆ: ಮಾರ್ಚ್ 6, ಶನಿವಾರ. ಹತ್ತು ದಿನ ಇದ್ದಾಗ ಮೂರು ಹಿಂದೆ: ಏಪ್ರಿಲ್ 15, ಗುರುವಾರ.

ಇಷ್ಟಾದರೂ ತಪ್ಪಿದರೆ? ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಹದಿನೈದು ನಿಮಿಷದೊಳಗೆ ತಿದ್ದಬಹುದು, ಆದರೆ ಅಷ್ಟರಲ್ಲಿ ಫಾರ್ವರ್ಡ್ ಆಗಿ ಹೋದದ್ದು ತಿದ್ದಿಕೊಳ್ಳುವುದಿಲ್ಲ. ಅದಕ್ಕೆ ತಿದ್ದಿ ಸುಮ್ಮನಾಗದೆ ಇನ್ನೊಂದು ಸಂದೇಶ ಕಳಿಸಿ. ಅದರಲ್ಲಿ ತಪ್ಪಿದ ವಾರದ ಹೆಸರನ್ನು ಮತ್ತೆ ಬರೆಯಬೇಡಿ. "ಶನಿವಾರ ಅಲ್ಲ, ಭಾನುವಾರ" ಅಂತ ಬರೆದರೆ ಅವಸರದಲ್ಲಿ ಓದುವವರ ಕಣ್ಣಿಗೆ ಬೀಳುವುದು ಮೊದಲನೆಯದೇ. ನಾನು ಅವತ್ತು ಎರಡನೇ ಸಲ ಕಳಿಸಿದ್ದು ಇಷ್ಟೇ: "ಖುಷಿಗೆ ಲೆಕ್ಕ ತಪ್ಪಿತು. ಮದುವೆ ಭಾನುವಾರ. ಹಿಡಿದುಕೊಟ್ಟ ದೊಡ್ಡಮ್ಮನಿಗೆ ಮೊದಲ ಸಾಲಿನಲ್ಲಿ ಕುರ್ಚಿ." ಮೊದಲ ಸಂದೇಶಕ್ಕಿಂತ ಇದಕ್ಕೇ ಜಾಸ್ತಿ ಉತ್ತರ ಬಂದವು.